ಟ್ರಿಪ್ ಆದ ಮೇಲೆ ಸಿಗುವುದು ಕಾಲು ಸೆಕೆಂಡೂ ಅಲ್ಲ: ಆಂಟಿ-ಸರ್ಜ್ ರೀಸೈಕಲ್ ವಾಲ್ವ್ ಅನ್ನು ವೇಗಕ್ಕೆ ಅಣಿಗೊಳಿಸುವ ಬಗೆ

ಸೆಂಟ್ರಿಫ್ಯೂಗಲ್ ಕಂಪ್ರೆಸರ್‌ನಲ್ಲಿ ಹರಿವು ಒಂದು ಮಿತಿಗಿಂತ ಕಡಿಮೆಯಾದರೆ ಇಂಪೆಲ್ಲರ್‌ಗೆ ಡಿಸ್ಚಾರ್ಜ್ ಒತ್ತಡವನ್ನು ತಡೆದು ನಿಲ್ಲುವ ಶಕ್ತಿ ಉಳಿಯುವುದಿಲ್ಲ. ಮುಂದಕ್ಕೆ ತಳ್ಳಿದ ಅನಿಲವೇ ಹಿಂದಕ್ಕೆ ನುಗ್ಗುತ್ತದೆ. ಇದೇ ಸರ್ಜ್. ಹರಿವು ತಲೆಕೆಳಗಾಗಲು 20ರಿಂದ 50 ಮಿಲಿಸೆಕೆಂಡು ಸಾಕು. ಅನಿಲ ಹಿಂದೆ ಬಂದು ಡಿಸ್ಚಾರ್ಜ್ ಒತ್ತಡ ಇಳಿದ ಕೂಡಲೇ ಕಂಪ್ರೆಸರ್ ಚೇತರಿಸಿಕೊಂಡು ಮತ್ತೆ ಮುಂದಕ್ಕೆ ತಳ್ಳುತ್ತದೆ, ಒತ್ತಡ ಏರಿದಾಗ ಮತ್ತೆ ಸೋಲುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ಸೆಕೆಂಡಿಗೊಮ್ಮೆ, ಕೆಲವು ಕಡೆ ಇನ್ನೂ ಬೇಗ, ಈ ಹೊಡೆತ ಮರುಕಳಿಸುತ್ತಲೇ ಇರುತ್ತದೆ. ಪ್ರತಿ ಹೊಡೆತಕ್ಕೂ ಥ್ರಸ್ಟ್ ಬೇರಿಂಗ್ ಮೇಲಿನ ಭಾರ ದಿಕ್ಕು ಬದಲಿಸುತ್ತದೆ, ಲ್ಯಾಬಿರಿಂತ್ ಸೀಲ್‌ಗಳು ಶಾಫ್ಟ್‌ಗೆ ಉಜ್ಜುತ್ತವೆ, ಅದೇ ಅನಿಲ ಒಳಗೇ ಸುತ್ತಿ ಬಿಸಿಯೇರುತ್ತದೆ.

ಪರಿಹಾರ ಹೇಳಲು ಸರಳ. ಡಿಸ್ಚಾರ್ಜ್‌ನಿಂದ ಸಕ್ಷನ್‌ಗೆ ಒಂದು ಪೈಪು, ಅದರಲ್ಲೊಂದು ವಾಲ್ವ್. ಹರಿವು ಮಿತಿಯ ಹತ್ತಿರ ಬಂದಾಗ ಅದನ್ನು ತೆರೆದು ಸ್ವಲ್ಪ ಅನಿಲವನ್ನು ಹಿಂದಕ್ಕೆ ಬಿಟ್ಟರೆ ಕಂಪ್ರೆಸರ್ ಮೂಲಕ ಹೋಗುವ ಹರಿವು ಹೆಚ್ಚುತ್ತದೆ, ಎದುರಿಸಬೇಕಾದ ಒತ್ತಡ ಇಳಿಯುತ್ತದೆ. ಕಷ್ಟವಿರುವುದು ಸಮಯದಲ್ಲಿ. ತಡವಾಗಿ ತೆರೆಯುವ ಆಂಟಿ-ಸರ್ಜ್ ವಾಲ್ವ್ ಇದ್ದೂ ಇಲ್ಲದಂತೆ. ಹಾಗಾಗಿ ಸಮಯ ಎಲ್ಲೆಲ್ಲಿ ಸೋರಿಹೋಗುತ್ತದೆ, ಅದನ್ನು ಅಳೆಯುವುದು ಮತ್ತು ಉಳಿಸುವುದು ಹೇಗೆ ಎಂಬುದನ್ನು ಒಂದು ಕಂಪ್ರೆಸರ್‌ನ ಲೆಕ್ಕ ಹಿಡಿದು ನೋಡೋಣ.

ಮೊದಲು ಸಮಯದ ಲೆಕ್ಕ ಹಾಕಿ

ನೈಸರ್ಗಿಕ ಅನಿಲವನ್ನು 20 ಬಾರ್‌ನಿಂದ 50 ಬಾರ್‌ಗೆ ಏರಿಸುವ ಕಂಪ್ರೆಸರ್ ಎಂದಿಟ್ಟುಕೊಳ್ಳಿ. ಎರಡೂ ನಿರಪೇಕ್ಷ ಒತ್ತಡ. ಹರಿವು ಸೆಕೆಂಡಿಗೆ ಸುಮಾರು 27 ಕೆ.ಜಿ., ಡಿಸ್ಚಾರ್ಜ್ ತಾಪಮಾನ ಸುಮಾರು 118 ಡಿಗ್ರಿ ಸೆಲ್ಸಿಯಸ್. 5 ಮೆಗಾವ್ಯಾಟ್ ಮೋಟರ್ 1,490 ಆರ್‌ಪಿಎಂನಲ್ಲಿ ಗೇರ್‌ಬಾಕ್ಸ್ ಮೂಲಕ ಇದನ್ನು ತಿರುಗಿಸುತ್ತದೆ. ಮೋಟರ್, ಗೇರ್, ರೋಟರ್ ಎಲ್ಲ ಸೇರಿ ಮೋಟರ್ ಶಾಫ್ಟ್‌ನಲ್ಲಿ ಕಾಣುವ ಜಡತ್ವ 500 ಕೆ.ಜಿ.-ಚದರ ಮೀಟರ್ ಎಂದುಕೊಳ್ಳಿ. ನಿಮ್ಮ ಯಂತ್ರದ ಸಂಖ್ಯೆ ತಯಾರಕರ ಡೇಟಾ ಶೀಟ್‌ನಲ್ಲಿ ಸಿಗುತ್ತದೆ.

ಮೋಟರ್ ಟ್ರಿಪ್ ಆಯಿತು. ಕಂಪ್ರೆಸರ್ ಕೇಳುವ ಟಾರ್ಕ್ ವೇಗದ ವರ್ಗಕ್ಕೆ ಅನುಗುಣ ಎಂದು ಹಿಡಿದರೆ ವೇಗ ಇಳಿಯುವ ಲೆಕ್ಕ ಹೀಗಿದೆ:

```
E = ½·J·ω² = ½ × 500 × 156² ≈ 6.1 MJ
N/N0 = 1 / (1 + P·t/(2E)) = 1 / (1 + 0.41·t)
```

ಅರ್ಧ ಸೆಕೆಂಡಿನಲ್ಲಿ ವೇಗ ಶೇ. 83ಕ್ಕೆ, ಒಂದು ಸೆಕೆಂಡಿನಲ್ಲಿ ಶೇ. 71ಕ್ಕೆ ಇಳಿಯುತ್ತದೆ. ಕಂಪ್ರೆಸರ್ ಕೊಡಬಲ್ಲ ಹೆಡ್ ವೇಗದ ವರ್ಗದಂತೆ ಬೀಳುವುದರಿಂದ, ಒಂದು ಸೆಕೆಂಡಿನಲ್ಲಿ ಅದರ ಶಕ್ತಿ ಅರ್ಧವಾಗಿಬಿಟ್ಟಿರುತ್ತದೆ. ಆದರೆ ಡಿಸ್ಚಾರ್ಜ್ ಪೈಪಿನಲ್ಲಿರುವ 50 ಬಾರ್ ಅನಿಲಕ್ಕೆ ಮೋಟರ್ ನಿಂತದ್ದು ಗೊತ್ತಿಲ್ಲ. ಅದು ಅಲ್ಲೇ ಒತ್ತಿಕೊಂಡು ಕೂತಿರುತ್ತದೆ.

ಈ ಯಂತ್ರ ಸರ್ಜ್ ಬಿಂದುವಿನಲ್ಲಿ ಕೊಡಬಲ್ಲ ಹೆಡ್ ಈಗಿನ ಕಾರ್ಯಬಿಂದುವಿಗಿಂತ ಶೇ. 15 ಹೆಚ್ಚು ಎನ್ನೋಣ. ಡಿಸ್ಚಾರ್ಜ್ ಒತ್ತಡ ಕದಲದಿದ್ದರೆ, ವೇಗ ಶೇ. 93ಕ್ಕೆ ಇಳಿದ ಕ್ಷಣದಲ್ಲಿ ಆ ಮೀಸಲು ಮುಗಿಯುತ್ತದೆ. ಮೇಲಿನ ಸೂತ್ರದಲ್ಲಿ ಅದಕ್ಕೆ ಹಿಡಿಯುವ ಸಮಯ 0.18 ಸೆಕೆಂಡು.

ಇದರಿಂದ ಒಂದು ನಿರ್ಧಾರ ತಾನಾಗಿಯೇ ಬರುತ್ತದೆ. ಟ್ರಿಪ್ ಆದಾಗ ಹರಿವು ಕುಸಿಯುವುದನ್ನು ಟ್ರಾನ್ಸ್‌ಮಿಟರ್ ಕಂಡು, ಕಂಟ್ರೋಲರ್ ಲೆಕ್ಕ ಹಾಕಿ, ಆಮೇಲೆ ವಾಲ್ವ್ ತೆರೆಯಲಿ ಎಂದು ಕಾಯುವಂತಿಲ್ಲ. ಮೋಟರ್ ಬ್ರೇಕರ್‌ಗೆ ಹೋಗುವ ಟ್ರಿಪ್ ಸಿಗ್ನಲ್ಲೇ ಅದೇ ಕ್ಷಣದಲ್ಲಿ ವಾಲ್ವ್‌ನ ಸೊಲೆನಾಯ್ಡ್‌ಗೂ ನೇರ ತಂತಿಯಲ್ಲಿ ಹೋಗಬೇಕು. ಟ್ರಿಪ್‌ನ ಕಾರಣ ಅವಕಾಶ ಕೊಡುವಂಥದ್ದಾದರೆ ಮೊದಲು ವಾಲ್ವ್, ಒಂದೆರಡು ನೂರು ಮಿಲಿಸೆಕೆಂಡಿನ ನಂತರ ಬ್ರೇಕರ್ ಎಂದು ಕ್ರಮ ಕೊಡುವವರೂ ಇದ್ದಾರೆ. ಆದರೆ ಲೂಬ್ ಆಯಿಲ್ ಒತ್ತಡ ಬಿದ್ದಂಥ, ತಡೆಯಲಾಗದ ಕಾರಣಗಳಿಗೆ ಈ ವಿಳಂಬ ಹಾಕಬಾರದು. ಯಾವ ಟ್ರಿಪ್‌ಗೆ ಹಾಕಬಹುದು ಎಂಬುದನ್ನು ಯಂತ್ರದ ತಯಾರಕರ ಜೊತೆ ಕೂತು ಒಂದೊಂದಾಗಿ ತೀರ್ಮಾನಿಸಿ.

ವಾಲ್ವ್ ಖಾಲಿ ಮಾಡಬೇಕಾದ ಪೈಪು ಎಷ್ಟು ದೊಡ್ಡದು

ವಾಲ್ವ್ ವೇಗವಾಗಿ ತೆರೆದರಷ್ಟೇ ಸಾಲದು, ಅದರ ಮುಂದಿರುವ ಅನಿಲ ಬೇಗ ಖಾಲಿಯಾಗಬೇಕು. ನಮ್ಮ ಯಂತ್ರದಲ್ಲಿ ಒಂದು ಸೆಕೆಂಡಿನ ಹೊತ್ತಿಗೆ, ಆ ಶೇ. 15ರ ಮೀಸಲನ್ನು ಸೇರಿಸಿಕೊಂಡರೂ, ಕಂಪ್ರೆಸರ್ ತಾಳಿಕೊಳ್ಳಬಲ್ಲದ್ದು ಮೊದಲಿನ ಹೆಡ್‌ನ ಶೇ. 58 ಮಾತ್ರ. ಒತ್ತಡದ ಅನುಪಾತದಲ್ಲಿ ಹೇಳುವುದಾದರೆ 2.5 ಇದ್ದದ್ದು ಸುಮಾರು 1.75ಕ್ಕೆ ಇಳಿಯಬೇಕು. ಸಕ್ಷನ್ 20 ಬಾರ್‌ನಲ್ಲೇ ನಿಂತರೆ ಡಿಸ್ಚಾರ್ಜ್ 35 ಬಾರ್‌ಗೆ ಬರಬೇಕು.

ಕಂಪ್ರೆಸರ್, ಚೆಕ್ ವಾಲ್ವ್ ಮತ್ತು ರೀಸೈಕಲ್ ವಾಲ್ವ್ ಈ ಮೂರರ ನಡುವೆ ಸಿಕ್ಕಿಬಿದ್ದ ಜಾಗ 6 ಘನ ಮೀಟರ್ ಎಂದುಕೊಳ್ಳಿ. ಡಿಸ್ಚಾರ್ಜ್ ಕೂಲರ್ ಕೂಡ ಈ ಜಾಗದೊಳಗೇ ಬಂದರೆ ಇಷ್ಟಾಗುವುದು ಸಹಜ. ಅದರಲ್ಲಿ ಸುಮಾರು 175 ಕೆ.ಜಿ. ಅನಿಲ ಇರುತ್ತದೆ (ಕೂಲರ್ ನಂತರದ ತಣ್ಣನೆಯ ಭಾಗ ಸೇರಿದರೆ ಇನ್ನೂ ಹೆಚ್ಚು). 35 ಬಾರ್‌ಗೆ ಇಳಿಸಲು ಅದರಿಂದ 43 ಕೆ.ಜಿ. ಹೊರಹೋಗಬೇಕು. ವಾಲ್ವ್ ಪೂರ್ತಿ ತೆರೆದಾಗ ಸೆಕೆಂಡಿಗೆ 38 ಕೆ.ಜಿ. ಬಿಡಬಲ್ಲದು, ಅದರಲ್ಲಿ ಸುಮಾರು ಅರ್ಧ ಇನ್ನೂ ತಿರುಗುತ್ತಿರುವ ಕಂಪ್ರೆಸರ್ ತಳ್ಳುವ ಅನಿಲಕ್ಕೇ ಹೋಗುತ್ತದೆ. ಉಳಿದ 20 ಕೆ.ಜಿ.ಯ ಲೆಕ್ಕದಲ್ಲಿ 43 ಕೆ.ಜಿ. ಖಾಲಿಯಾಗಲು ಎರಡು ಸೆಕೆಂಡಿಗಿಂತ ಹೆಚ್ಚು ಬೇಕು. ಅಷ್ಟರಲ್ಲಿ ಸರ್ಜ್ ಆಗಿಹೋಗಿರುತ್ತದೆ. ಇಂಥ ಕಡೆ ವಾಲ್ವ್ ಎಷ್ಟೇ ಒಳ್ಳೆಯದಿದ್ದರೂ ಪ್ರಯೋಜನವಿಲ್ಲ.

ಅದೇ ಜಾಗ ಒಂದೂವರೆ ಘನ ಮೀಟರ್ ಆಗಿದ್ದರೆ ತೆಗೆಯಬೇಕಾದ್ದು 11 ಕೆ.ಜಿ. ಮಾತ್ರ, ಅರ್ಧ ಸೆಕೆಂಡಿಗೆ ಸ್ವಲ್ಪ ಮೇಲೆ. ಆದ್ದರಿಂದಲೇ ದೊಡ್ಡ ಯಂತ್ರಗಳಲ್ಲಿ ಕೂಲರ್‌ಗೆ ಮೊದಲೇ, ಡಿಸ್ಚಾರ್ಜ್ ನಾಝಲ್‌ಗೆ ತೀರ ಹತ್ತಿರ, ಇನ್ನೊಂದು ಹಾಟ್ ಬೈಪಾಸ್ ವಾಲ್ವ್ ಇಡುತ್ತಾರೆ. ಅದರ ಜೊತೆಗೆ ಚೆಕ್ ವಾಲ್ವ್‌ವರೆಗಿನ ಜಾಗವೂ ಚಿಕ್ಕದಿರಬೇಕು, ಇಲ್ಲದಿದ್ದರೆ ಕೂಲರ್‌ನ ಅನಿಲವೇ ಹಿಂದಕ್ಕೆ ಹರಿದು ಲೆಕ್ಕ ಕೆಡಿಸುತ್ತದೆ. ಹಾಟ್ ಬೈಪಾಸ್ ಟ್ರಿಪ್‌ಗಾಗಿ ಮಾತ್ರ. ಬಿಸಿ ಅನಿಲವನ್ನು ತಂಪು ಮಾಡದೆ ಸುತ್ತಿಸುತ್ತಲೇ ಇದ್ದರೆ ಸಕ್ಷನ್ ತಾಪಮಾನ ಸುತ್ತಿಗೆ ಸುತ್ತು ಏರುತ್ತದೆ. ದಿನನಿತ್ಯದ ನಿಯಂತ್ರಣಕ್ಕೆ ಕೂಲರ್ ದಾಟಿದ ತಂಪು ಅನಿಲದ ವಾಲ್ವ್ ಇರಲಿ.

ರೀಸೈಕಲ್ ತೆರೆದಾಗ ಸಕ್ಷನ್ ಒತ್ತಡವೂ ಏರುವುದರಿಂದ ನಿಜದಲ್ಲಿ ಸ್ವಲ್ಪ ಅನುಕೂಲವೇ ಆಗುತ್ತದೆ. ಇದು ಕಾಗದದ ಮೇಲಿನ ಮೊದಲ ಅಂದಾಜು. ಅಂತಿಮ ತೀರ್ಮಾನಕ್ಕೆ ಡೈನಾಮಿಕ್ ಸಿಮ್ಯುಲೇಷನ್ ಬೇಕು. ಆದರೆ ಈ ಅಂದಾಜಿನಲ್ಲೇ ಎರಡು ಪಟ್ಟು ಕೊರತೆ ಕಂಡರೆ ಪೈಪಿಂಗ್ ಡ್ರಾಯಿಂಗ್ ಮಂಜೂರು ಮಾಡುವ ಮೊದಲೇ ದನಿ ಎತ್ತಿ. ವಾಲ್ವ್ ಬದಲಿಸಬಹುದು, ನೆಲಕ್ಕೆ ಬಿಗಿದ ಕೂಲರ್ ಅನ್ನು ಆಮೇಲೆ ಸರಿಸುವುದು ಯಾರಿಂದಲೂ ಆಗದು. ಜಾಗ ದೊಡ್ಡದಾದಷ್ಟೂ ಸರ್ಜ್ ಉಗ್ರವಾಗುತ್ತದೆ ಎಂಬುದನ್ನು ಸಂಶೋಧಕ ಎಡ್ವರ್ಡ್ ಗ್ರೈಟ್ಜರ್ 1976ರಲ್ಲೇ ಗಣಿತದಲ್ಲಿ ತೋರಿಸಿದ್ದರು.

ಸರ್ಜ್ ರೇಖೆಯನ್ನು ಎಲ್ಲಿ ಎಳೆಯಬೇಕು

ಟ್ರಿಪ್ ಬಿಟ್ಟು ದಿನನಿತ್ಯದ ಏರುಪೇರಿಗೆ ಬರೋಣ. ಮುಂದಿನ ಘಟಕ ಅನಿಲ ತೆಗೆದುಕೊಳ್ಳುವುದನ್ನು ಕಡಿಮೆ ಮಾಡಿತು, ಹರಿವು ಇಳಿಯುತ್ತಿದೆ. ಇಲ್ಲಿ ಕಂಟ್ರೋಲರ್‌ಗೆ ಕೆಲಸವಿದೆ. ಕಾರ್ಯಬಿಂದು ಸರ್ಜ್ ಮಿತಿಯಿಂದ ಎಷ್ಟು ದೂರವಿದೆ ಎಂದು ಅದು ಎರಡು ಅನುಪಾತಗಳಲ್ಲಿ ನೋಡುತ್ತದೆ:

```
q² = ΔPo / Ps
Rc = Pd / Ps
```

ಮೊದಲನೆಯದು ಸಕ್ಷನ್‌ನ ಫ್ಲೋ ಎಲಿಮೆಂಟ್ ತೋರಿಸುವ ಒತ್ತಡ ವ್ಯತ್ಯಾಸವನ್ನು ಸಕ್ಷನ್ ಒತ್ತಡದಿಂದ ಭಾಗಿಸಿದ್ದು. ಎರಡನೆಯದು ಒತ್ತಡದ ಅನುಪಾತ. ಹೀಗೆ ಬರೆದರೆ ಸಕ್ಷನ್ ಒತ್ತಡ, ತಾಪಮಾನ, ಅನಿಲದ ಅಣುತೂಕ ಬದಲಾದರೂ ಸರ್ಜ್ ರೇಖೆ ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ. ಒತ್ತಡಗಳು ನಿರಪೇಕ್ಷವಾಗಿರಲೇಬೇಕು. 20 ಬಾರ್‌ನಲ್ಲಿ ಗೇಜ್ ಒತ್ತಡ ಹಾಕಿದರೆ ತಪ್ಪು ಸಣ್ಣದಾಗಿ ಕಾಣುತ್ತದೆ, ಸಕ್ಷನ್ ವಾತಾವರಣದ ಒತ್ತಡಕ್ಕೆ ಹತ್ತಿರವಿರುವ ಏರ್ ಕಂಪ್ರೆಸರ್‌ನಲ್ಲಿ ಲೆಕ್ಕವೇ ಅರ್ಥ ಕಳೆದುಕೊಳ್ಳುತ್ತದೆ.

ಸರ್ಜ್ ರೇಖೆಯ ಬಲಕ್ಕೆ, ಹರಿವಿನಲ್ಲಿ ಸುಮಾರು ಶೇ. 10 ಅಂತರ ಬಿಟ್ಟು, ವಾಲ್ವ್ ತೆರೆಯತೊಡಗಬೇಕಾದ ಕಂಟ್ರೋಲ್ ರೇಖೆ ಎಳೆಯುವುದು ರೂಢಿ. ಇಲ್ಲೊಂದು ತಪ್ಪು ಪದೇ ಪದೇ ಆಗುತ್ತದೆ. ΔPo ಹರಿವಿನ ವರ್ಗಕ್ಕೆ ಅನುಗುಣವಾದ್ದರಿಂದ ಹರಿವಿನಲ್ಲಿ ಶೇ. 10 ಎಂದರೆ ΔPoನಲ್ಲಿ ಶೇ. 21. ಕಂಟ್ರೋಲರ್ ΔPo ಅಕ್ಷದಲ್ಲಿ ಕೆಲಸ ಮಾಡುವಾಗ ಅದಕ್ಕೆ 10 ಎಂದು ತುಂಬಿದರೆ ಸಿಗುವ ನಿಜವಾದ ಅಂತರ ಶೇ. 5ಕ್ಕೂ ಕಡಿಮೆ. ಕಮಿಷನಿಂಗ್‌ನಲ್ಲಿ ಆ ಬಾಕ್ಸ್‌ಗೆ ಯಾವ ಅಕ್ಷದ ಸಂಖ್ಯೆ ಹಾಕಬೇಕೆಂದು ಕೈಪಿಡಿ ತೆರೆದು ಖಚಿತಪಡಿಸಿಕೊಳ್ಳಿ.

ತಯಾರಕರ ಕರ್ವ್ ಮೇಲಷ್ಟೇ ನಂಬಿಕೆ ಇಡದೆ ಸ್ಥಳದಲ್ಲೇ ಸರ್ಜ್ ಟೆಸ್ಟ್ ಮಾಡುವುದು ಒಳ್ಳೆಯದು. ವೇಗ ಬದಲಿಸಬಹುದಾದ ಯಂತ್ರವಾದರೆ ಕನಿಷ್ಠ ವೇಗದಿಂದ ಆರಂಭಿಸಿ, ಅಲ್ಲಿ ಹೊಡೆತದ ಶಕ್ತಿ ಕಡಿಮೆ. ರೀಸೈಕಲ್ ವಾಲ್ವ್ ಅನ್ನು ಕೈಯಿಂದ ಶೇ. 1ರ ಮೆಟ್ಟಿಲಲ್ಲಿ ಮುಚ್ಚುತ್ತ ಬನ್ನಿ, ಪ್ರತಿ ಮೆಟ್ಟಿಲಿಗೂ ಒಂದು ನಿಮಿಷ ನಿಲ್ಲಿ. ΔPo ಅನ್ನು 20ರಿಂದ 50 ಮಿಲಿಸೆಕೆಂಡಿನ ಅಂತರದಲ್ಲಿ ದಾಖಲಿಸಿ. ಶಾಂತವಾಗಿದ್ದ ಗೆರೆ ಒಮ್ಮೆಲೇ ಒರಟಾಗಿ ಕುಣಿಯತೊಡಗಿದರೆ ಅದೇ ಮುನ್ಸೂಚನೆ, ತಕ್ಷಣ ಸೊಲೆನಾಯ್ಡ್ ಬಟನ್ ಒತ್ತಿ ವಾಲ್ವ್ ತೆರೆಯಿರಿ. ಪೂರ್ಣ ಸರ್ಜ್‌ವರೆಗೆ ಕೊಂಡೊಯ್ಯುವ ಅಗತ್ಯವಿಲ್ಲ. ಒಬ್ಬರು ಬಟನ್ ಮೇಲೆಯೇ ಕೈ ಇಟ್ಟಿರಲಿ, ಇನ್ನೊಬ್ಬರು ಕಂಪನ ಮತ್ತು ಶಾಫ್ಟ್‌ನ ಅಕ್ಷೀಯ ಸ್ಥಾನವನ್ನು ಮಾತ್ರ ನೋಡುತ್ತಿರಲಿ.

ಸಿಗ್ನಲ್ ದಾರಿಯಲ್ಲಿ ಸೋರುವ ಸಮಯ

ಹರಿವು ಸೆಕೆಂಡಿಗೆ ಶೇ. 8ರಂತೆ ಇಳಿಯುತ್ತಿದೆ ಎನ್ನಿ. ಕಂಟ್ರೋಲ್ ರೇಖೆಯಿಂದ ಸರ್ಜ್ ರೇಖೆಗೆ ಶೇ. 10 ಅಂತರ. ಅಂದರೆ ನಿಮ್ಮ ಕೈಯಲ್ಲಿರುವುದು ಒಂದೂಕಾಲು ಸೆಕೆಂಡು.

ಚೆನ್ನಾಗಿ ಕಟ್ಟಿದ ವ್ಯವಸ್ಥೆಯಲ್ಲಿ ಟ್ರಾನ್ಸ್‌ಮಿಟರ್ 50ರಿಂದ 100 ಮಿಲಿಸೆಕೆಂಡು, ಕಂಟ್ರೋಲರ್‌ನ ಸ್ಕ್ಯಾನ್ 50, ಪೊಸಿಷನರ್ ಮತ್ತು ಬೂಸ್ಟರ್ ಎಚ್ಚೆತ್ತು ವಾಲ್ವ್ ಕದಲಲು 200 ಮಿಲಿಸೆಕೆಂಡು ತಿನ್ನುತ್ತವೆ. ಒಟ್ಟು ಸುಮಾರು 350 ಮಿಲಿಸೆಕೆಂಡು. ಅಷ್ಟರಲ್ಲಿ ಶೇ. 10ರ ಆ ಅಂತರದಲ್ಲಿ ಶೇ. 3ರಷ್ಟು ಮಾತ್ರ ಖರ್ಚಾಗಿರುತ್ತದೆ, ಉಳಿದ 7ರಲ್ಲಿ ವಾಲ್ವ್ ತೆರೆದು ಪರಿಸ್ಥಿತಿ ಉಳಿಸಿಕೊಳ್ಳಬಹುದು.

ಈಗ ಅದೇ ವ್ಯವಸ್ಥೆಯಲ್ಲಿ ಟ್ರಾನ್ಸ್‌ಮಿಟರ್‌ನ ಡ್ಯಾಂಪಿಂಗ್ ಕಾರ್ಖಾನೆಯಿಂದ ಬಂದಂತೆ ಅರ್ಧ ಸೆಕೆಂಡಿನಲ್ಲೇ ಉಳಿದಿದೆ, ಲೆಕ್ಕ ಸಾಮಾನ್ಯ ಡಿಸಿಎಸ್‌ನ ಅರ್ಧ ಸೆಕೆಂಡಿನ ಸ್ಕ್ಯಾನ್‌ನಲ್ಲಿ ನಡೆಯುತ್ತಿದೆ ಎಂದುಕೊಳ್ಳಿ. ತಡ ಒಂದೂಕಾಲು ಸೆಕೆಂಡು ದಾಟುತ್ತದೆ. ವಾಲ್ವ್ ಕದಲುವ ಮೊದಲೇ ಸರ್ಜ್. ಎರಡೂ ಕಡೆ ಇರುವುದು ಅದೇ ವಾಲ್ವ್, ಅದೇ ಕಂಪ್ರೆಸರ್.

ಹಾಗಾಗಿ ΔPo ಟ್ರಾನ್ಸ್‌ಮಿಟರ್‌ನ ಡ್ಯಾಂಪಿಂಗ್ ಸೊನ್ನೆಗೆ ಇಳಿಸಿ. ಗೆರೆ ಸ್ವಲ್ಪ ಕುಣಿದರೆ ಕುಣಿಯಲಿ, ನುಣುಪಾದ ಟ್ರೆಂಡ್ ನೋಡಲು ಬೇಕಿದ್ದರೆ ಪರದೆಗೆ ಹೋಗುವ ಪ್ರತಿಯನ್ನು ಬೇರೆಯಾಗಿ ಫಿಲ್ಟರ್ ಮಾಡಿಕೊಳ್ಳಿ. ಇಂಪಲ್ಸ್ ಟ್ಯೂಬ್ ಚಿಕ್ಕದಿರಲಿ, ಟ್ರಾನ್ಸ್‌ಮಿಟರ್ ಪೈಪಿಗಿಂತ ಮೇಲೆ ಕೂರಲಿ. ಕೆಳಗೆ ಕೂತರೆ ದ್ರವ ತುಂಬಿ ಓದು ತಪ್ಪುತ್ತದೆ, ತಡವೂ ಆಗುತ್ತದೆ. ಸ್ಕ್ಯಾನ್ 50 ಮಿಲಿಸೆಕೆಂಡಿಗೆ ಮೀರದ ಕಂಟ್ರೋಲರ್ ಬೇಕು.

ಕಂಟ್ರೋಲರ್‌ನೊಳಗೆ ಮಾಮೂಲಿ ಪಿಐ ಒಂದೇ ಸಾಲದು. ಬಿಂದು ಕಂಟ್ರೋಲ್ ರೇಖೆ ದಾಟಿ ಸರ್ಜ್ ರೇಖೆಯತ್ತ ಇನ್ನೂ ಜಾರಿದರೆ, ಪಿಐ ಏನು ಹೇಳುತ್ತದೆಂದು ಕೇಳದೆ ವಾಲ್ವ್‌ಗೆ ಒಂದೇ ಏಟಿಗೆ ಶೇ. 10–20ರಷ್ಟು ತೆರೆ ಎನ್ನುವ ಎರಡನೆಯ ರೇಖೆ ಇಡಬೇಕು. ಬಿಂದು ವೇಗವಾಗಿ ಸಮೀಪಿಸುವಾಗ ಕಂಟ್ರೋಲ್ ರೇಖೆಯನ್ನೇ ತಾತ್ಕಾಲಿಕವಾಗಿ ಬಲಕ್ಕೆ ಸರಿಸುವ ಏರ್ಪಾಡೂ ಹಲವು ಕಂಟ್ರೋಲರ್‌ಗಳಲ್ಲಿದೆ. ತೆರೆಯುವುದು ತಟ್ಟನೆ, ಮುಚ್ಚುವುದು ನಿಧಾನ. ಮುಚ್ಚಲು ಒಂದು ನಿಮಿಷದಷ್ಟು ರ‍್ಯಾಂಪ್ ಕೊಟ್ಟರೆ ತೆರೆದು-ಮುಚ್ಚಿ-ತೆರೆಯುವ ಓಲಾಟ ನಿಲ್ಲುತ್ತದೆ.

ವಾಲ್ವ್ ಜೋಡಣೆ

ಆಂಟಿ-ಸರ್ಜ್ ವಾಲ್ವ್ ಸ್ಪ್ರಿಂಗ್‌ನಿಂದ ತೆರೆಯುವ, ಗಾಳಿಯಿಂದ ಮುಚ್ಚುವ ಬಗೆಯದ್ದಾಗಿರಬೇಕು. ಗಾಳಿ ಹೋದರೂ ವಿದ್ಯುತ್ ಹೋದರೂ ಅದು ತೆರೆದುಕೊಳ್ಳುತ್ತದೆ. ಹೀಗಾಗಿ ತೆರೆಯುವ ವೇಗವೆಂದರೆ ಆಕ್ಚುಯೇಟರ್‌ನ ಗಾಳಿ ಎಷ್ಟು ಬೇಗ ಹೊರಬೀಳುತ್ತದೆ ಎಂಬುದೇ. ಗಾತ್ರವನ್ನು ಗರಿಷ್ಠ ವೇಗದ ಸರ್ಜ್ ಬಿಂದುವಿನ ಹರಿವಿನ ಸುಮಾರು 1.8ರಿಂದ 2.2 ಪಟ್ಟಿಗೆ ಆರಿಸುವುದು ರೂಢಿ. ಮೇಲಿನ ಲೆಕ್ಕದ 38 ಕೆ.ಜಿ. ಬಂದದ್ದು ಹಾಗೆಯೇ, ಸರ್ಜ್ ಹರಿವು 19 ಕೆ.ಜಿ., ಅದರ ಎರಡರಷ್ಟು. ತೀರ ದೊಡ್ಡದಾದರೆ ಸಣ್ಣ ತೆರೆಯುವಿಕೆಯಲ್ಲಿ ನಿಯಂತ್ರಣ ಒರಟಾಗುತ್ತದೆ.

ಪೊಸಿಷನರ್‌ನ ಸಣ್ಣ ರಂಧ್ರದಿಂದ ದೊಡ್ಡ ಆಕ್ಚುಯೇಟರ್ ಖಾಲಿ ಮಾಡುವುದೆಂದರೆ ಹಂಡೆ ನೀರನ್ನು ಚಮಚದಲ್ಲಿ ಮೊಗೆದಂತೆ. ಅದಕ್ಕೇ ವಾಲ್ಯೂಮ್ ಬೂಸ್ಟರ್ ಬೇಕು, ಬೂಸ್ಟರ್‌ನಿಂದ ಆಕ್ಚುಯೇಟರ್‌ಗೆ ಮುಕ್ಕಾಲು ಅಥವಾ ಒಂದು ಇಂಚಿನ ಟ್ಯೂಬ್ ಬೇಕು. ಟ್ರಿಪ್ ಸೊಲೆನಾಯ್ಡ್ ಬೂಸ್ಟರ್ ಮತ್ತು ಆಕ್ಚುಯೇಟರ್ ನಡುವೆ, ಅಷ್ಟೇ ದೊಡ್ಡ ರಂಧ್ರದ್ದಾಗಿ ಕೂರಬೇಕು. ಪೊಸಿಷನರ್‌ನ ಹಿಂದೆ ಕೂರಿಸಿದರೆ ಗಾಳಿ ಮತ್ತೆ ಆ ಸಣ್ಣ ದಾರಿಯಲ್ಲೇ ಹೋಗಬೇಕಾಗುತ್ತದೆ.

ಬೂಸ್ಟರ್ ಮೇಲೆ ಬೈಪಾಸ್ ಸ್ಕ್ರೂ ಇರುತ್ತದೆ. ಅದನ್ನು ಹೆಚ್ಚು ಬಿಗಿದರೆ ಸಣ್ಣ ಸಿಗ್ನಲ್‌ಗೂ ಬೂಸ್ಟರ್ ಸಿಡಿದು ವಾಲ್ವ್ ಕುಲುಕಾಡುತ್ತದೆ, ಹೆಚ್ಚು ಸಡಿಲಿಸಿದರೆ ಬೂಸ್ಟರ್ ಮಲಗಿಬಿಡುತ್ತದೆ. ಕುಲುಕಾಟ ನಿಲ್ಲುವವರೆಗೆ ಕಾಲು ಸುತ್ತಿನಂತೆ ಸಡಿಲಿಸುತ್ತ ಬಂದು ಅಲ್ಲಿಗೆ ನಿಲ್ಲಿಸಿ. ಬೇರೆ ಕಡೆಯಿಂದ ಬಂದ ತಂತ್ರಜ್ಞರು ವಾಲ್ವ್ ಶಾಂತವಾಗಲೆಂದು ಈ ಸ್ಕ್ರೂ ಪೂರ್ತಿ ಬಿಚ್ಚಿಬಿಡುವುದುಂಟು. ವಾಲ್ವ್ ಶಾಂತವಾಗುತ್ತದೆ, ವೇಗವೂ ಸಾಯುತ್ತದೆ. ಹೊಂದಿಸಿದ ಸ್ಥಾನಕ್ಕೆ ಬಣ್ಣದ ಗುರುತು ಹಾಕಿಡಿ.

ಸ್ಟ್ರೋಕ್ ಟೆಸ್ಟ್ ಮಾಡುವ ಕ್ರಮ

ಕಂಪ್ರೆಸರ್ ನಿಂತಿರುವಾಗ, ವಾಲ್ವ್‌ನ ಎರಡೂ ಬದಿಯನ್ನು ಪ್ರತ್ಯೇಕಿಸಿಕೊಂಡು ಮಾಡಿ. ಸಿಗ್ನಲ್ ಮತ್ತು ಪೊಸಿಷನ್ ಟ್ರಾನ್ಸ್‌ಮಿಟರ್ ಎರಡನ್ನೂ 20 ಮಿಲಿಸೆಕೆಂಡಿನ ರೆಕಾರ್ಡರ್‌ಗೆ ಜೋಡಿಸಿ. ಹಿಸ್ಟೋರಿಯನ್‌ನ ಒಂದು ಸೆಕೆಂಡಿನ ಟ್ರೆಂಡ್‌ನಲ್ಲಿ ಈ ಕೆಲಸ ಸಾಧ್ಯವಿಲ್ಲ.

1. ಪೂರ್ತಿ ಮುಚ್ಚಿದ ಸ್ಥಿತಿಯಿಂದ ಶೇ. 100ಕ್ಕೆ ಸಿಗ್ನಲ್ ಹಾರಿಸಿ. ಸಿಗ್ನಲ್ ಹಾರಿದ ಕ್ಷಣದಿಂದ ವಾಲ್ವ್ ಕದಲಲು ತೆಗೆದುಕೊಂಡ ಸಮಯವನ್ನೂ ಪೂರ್ತಿ ತೆರೆಯಲು ತೆಗೆದುಕೊಂಡ ಸಮಯವನ್ನೂ ಬೇರೆ ಬೇರೆ ಬರೆದುಕೊಳ್ಳಿ. ಮಧ್ಯಮ ಗಾತ್ರದ, ಎಂಟು ಇಂಚಿನ ಆಸುಪಾಸಿನ ವಾಲ್ವ್‌ಗೆ ಒಟ್ಟು ಎರಡು ಸೆಕೆಂಡಿನೊಳಗೆ ಎಂದು ಕೇಳುವುದು ಸಾಮಾನ್ಯ. ನಿಮ್ಮ ಲೆಕ್ಕ ಒಂದು ಸೆಕೆಂಡು ಕೇಳಿದರೆ ಒಂದನ್ನೇ ಕೇಳಿ.
2. ಶೇ. 0ಯಿಂದ 10, 10ರಿಂದ 20, 50ರಿಂದ 60 ಹೀಗೆ ಸಣ್ಣ ಮೆಟ್ಟಿಲು ಕೊಡಿ. ದೊಡ್ಡ ಹಾರಿಕೆಯಲ್ಲಿ ಚುರುಕಾಗಿರುವ ವಾಲ್ವ್ ಸಣ್ಣ ಮೆಟ್ಟಿಲಿಗೆ ಮಿಸುಕದೇ ಇರುವುದು ಬಹಳ. ದಿನನಿತ್ಯದ ನಿಯಂತ್ರಣ ನಡೆಯುವುದು ಈ ಸಣ್ಣ ಮೆಟ್ಟಿಲುಗಳಲ್ಲೇ.
3. ವಾಲ್ವ್ ಮುಚ್ಚಿದ ಸಿಗ್ನಲ್‌ನಲ್ಲೇ ಇರುವಾಗ ಸೊಲೆನಾಯ್ಡ್‌ನ ವಿದ್ಯುತ್ ತೆಗೆಯಿರಿ. ಇದು ಸಿಗ್ನಲ್ ದಾರಿಗಿಂತ ಬೇಗ ತೆರೆಯಬೇಕು. ಹಾಗಾಗದಿದ್ದರೆ ಸೊಲೆನಾಯ್ಡ್‌ನ ರಂಧ್ರ ಚಿಕ್ಕದು, ಇಲ್ಲವೇ ಎಕ್ಸಾಸ್ಟ್ ಕಟ್ಟಿದೆ.
4. ಟ್ರಿಪ್ ಅನ್ನು ಇಂಟರ್‌ಲಾಕ್‌ನಿಂದಲೇ ಕೊಟ್ಟು ಬ್ರೇಕರ್ ಸಿಗ್ನಲ್ ಮತ್ತು ವಾಲ್ವ್ ಕದಲಿಕೆಯ ನಡುವಿನ ಅಂತರ ಅಳೆಯಿರಿ. ನಡುವೆ ಸೇರಿಕೊಂಡ ರಿಲೇ, ನಿಧಾನದ ಲಾಜಿಕ್ ಸ್ಕ್ಯಾನ್ ಸಿಕ್ಕಿಬೀಳುವುದು ಇಲ್ಲಿ ಮಾತ್ರ.

ಹೊಸದಾಗಿದ್ದಾಗಿನ ಈ ಗೆರೆಗಳನ್ನು ಜೋಪಾನವಾಗಿಡಿ. ಮುಂದಿನ ಶಟ್‌ಡೌನ್‌ನಲ್ಲಿ ಅದೇ ಪರೀಕ್ಷೆ ಮಾಡಿ ಮೇಲೆ ಮೇಲೆ ಇಟ್ಟು ನೋಡಿದರೆ ಗ್ಲ್ಯಾಂಡ್ ಪ್ಯಾಕಿಂಗ್ ಬಿಗಿದದ್ದು, ಟ್ಯೂಬ್ ಚಪ್ಪಟೆಯಾದದ್ದು ತಕ್ಷಣ ಕಾಣುತ್ತದೆ. ಎಕ್ಸಾಸ್ಟ್ ರಂಧ್ರದ ಜಾಳಿಗೆಯನ್ನು ಕಣ್ಣಿಟ್ಟು ನೋಡಿ, ಕಣಜ ಮಣ್ಣಿನ ಗೂಡು ಕಟ್ಟಲು ಇಷ್ಟಪಡುವ ಜಾಗ ಅದು.

ಎಲ್ಲ ಸರಿಯಿದ್ದೂ ಸರ್ಜ್ ಆದರೆ

ಮೊದಲು ಕಂಟ್ರೋಲರ್ ಮ್ಯಾನುಯಲ್‌ನಲ್ಲಿತ್ತೇ ನೋಡಿ. ರೀಸೈಕಲ್ ದುಬಾರಿ. ನಮ್ಮ ಯಂತ್ರದಲ್ಲಿ ಹರಿವಿನ ಶೇ. 10 ಸುತ್ತುತ್ತಿದ್ದರೆ ಸುಮಾರು 500 ಕಿಲೋವ್ಯಾಟ್, ದಿನಕ್ಕೆ 12,000 ಯೂನಿಟ್ ವಿದ್ಯುತ್ ವ್ಯರ್ಥ. ಇದನ್ನು ಕಂಡ ಆಪರೇಟರ್ ವಾಲ್ವ್ ಮುಚ್ಚಿ ಮ್ಯಾನುಯಲ್‌ಗೆ ಹಾಕಿದರೆ ಅವರನ್ನು ದೂರುವುದಕ್ಕಿಂತ, ಮ್ಯಾನುಯಲ್‌ನಲ್ಲಿ ಹೆಚ್ಚು ತೆರೆಯಲು ಮಾತ್ರ ಅವಕಾಶ ಇರುವಂತೆ, ಕಂಟ್ರೋಲರ್ ಕೇಳಿದ್ದಕ್ಕಿಂತ ಕಡಿಮೆಗೆ ಮುಚ್ಚಲು ಆಗದಂತೆ ಪ್ರೋಗ್ರಾಂ ಬದಲಿಸಿ. ಜೊತೆಗೆ ಸರ್ಜ್ ಟೆಸ್ಟ್ ನಿಖರವಾಗಿ ಮಾಡಿದ್ದರೆ ಅಂತರ ಅನಗತ್ಯವಾಗಿ ದೊಡ್ಡದಿಡುವ ಪ್ರಮೇಯವೂ ಬರದು.

ಅದು ಆಟೋದಲ್ಲೇ ಇದ್ದರೆ 20 ಮಿಲಿಸೆಕೆಂಡಿನ ದಾಖಲೆ ತೆಗೆದು ಮೂರು ಗೆರೆಗಳನ್ನು ಒಟ್ಟಿಗೆ ನೋಡಿ: ΔPo, ವಾಲ್ವ್ ಸಿಗ್ನಲ್, ವಾಲ್ವ್ ಸ್ಥಾನ. ΔPo ಕುಸಿದ ಮೇಲೆ ಸಿಗ್ನಲ್ ತಡವಾಗಿ ಎದ್ದಿದ್ದರೆ ತಪ್ಪು ಟ್ರಾನ್ಸ್‌ಮಿಟರ್‌ನಲ್ಲಿ, ಸ್ಕ್ಯಾನ್‌ನಲ್ಲಿ ಅಥವಾ ತಪ್ಪು ಜಾಗದಲ್ಲಿ ಎಳೆದ ರೇಖೆಯಲ್ಲಿದೆ. ಸಿಗ್ನಲ್ ಸಮಯಕ್ಕೆ ಎದ್ದು ಸ್ಥಾನ ಹಿಂದೆ ಬಿದ್ದಿದ್ದರೆ ಬೂಸ್ಟರ್, ಟ್ಯೂಬ್, ಪ್ಯಾಕಿಂಗ್. ಮೂರೂ ಸಮಯಕ್ಕೆ ಸರಿಯಾಗಿದ್ದೂ ಒತ್ತಡ ಇಳಿಯದಿದ್ದರೆ ಚೆಕ್ ವಾಲ್ವ್ ಕೂರದೆ ಹೆಡರ್‌ನ ಅನಿಲ ಹಿಂದೆ ಬರುತ್ತಿದೆಯೇ, ರೀಸೈಕಲ್ ಲೈನಿನ ಕೈವಾಲ್ವ್ ಯಾರಾದರೂ ಅರ್ಧ ಮುಚ್ಚಿದ್ದಾರೆಯೇ ಎಂದು ಹೋಗಿ ನೋಡಿ. ಆ ಕೈವಾಲ್ವ್ ಇರಲೇಬೇಕಾದರೆ ತೆರೆದ ಸ್ಥಿತಿಯಲ್ಲಿ ಬೀಗ ಹಾಕಿಡಿ.

ಮತ್ತೆ ಮತ್ತೆ ಸರ್ಜ್ ಆಗುತ್ತಿದ್ದರೆ ಕಂಟ್ರೋಲರ್ ಅಂತರವನ್ನು ತಾನೇ ಹೆಚ್ಚಿಸುತ್ತ ಹೋಗುತ್ತದೆ, ಅದರ ಎಣಿಕೆಯನ್ನು ಕಾರಣ ತಿಳಿಯುವ ಮೊದಲು ರೀಸೆಟ್ ಮಾಡಬೇಡಿ. ಸರ್ಜ್ ಪತ್ತೆ ಮಾಡಿ ಯಂತ್ರವನ್ನು ಕಾಯುವ ಸ್ವತಂತ್ರ ವ್ಯವಸ್ಥೆಯ ಬಗ್ಗೆ 2014ರ ಎಪಿಐ 670 ಐದನೇ ಆವೃತ್ತಿಯಲ್ಲಿ ಪ್ರತ್ಯೇಕ ವಿವರವಿದೆ. ಕಂಟ್ರೋಲರ್ ಎಷ್ಟೇ ಒಳ್ಳೆಯದಿರಲಿ, ಇಂತಿಷ್ಟು ಸೆಕೆಂಡಿನಲ್ಲಿ ಇಂತಿಷ್ಟು ಸರ್ಜ್ ಕಂಡರೆ ಯಂತ್ರ ನಿಲ್ಲಿಸುವ ಆ ಬೇರೆಯ ಕಾವಲನ್ನು ಅದರದೇ ಸೆನ್ಸರ್ ಮೇಲೆ ನಿಲ್ಲಿಸಿ.